ಕೈ ನಡುಬೆರಳಲ್ಲಿ, ಮೃದಂಗ ಸಮದಲ್ಲಿ: ಕ್ರಾಸ್‌ಫೇಡ್ ಮತ್ತು ಗ್ಯಾಪ್‌ಲೆಸ್ ಸೆಟ್ಟಿಂಗ್ ಬಗ್ಗೆ

ಹೋದ ತಿಂಗಳು ಚಿಕ್ಕಮ್ಮ ಮನೆಗೆ ಬಂದಿದ್ದರು. ಅವರು ಚಿಕ್ಕಂದಿನಲ್ಲಿ ಹನ್ನೆರಡು ವರ್ಷ ವೀಣೆ ಕಲಿತವರು. ಸೋದರಮಾವ ಎಷ್ಟೋ ವರ್ಷಗಳ ಹಿಂದೆ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಒಂದು ಕಛೇರಿಯನ್ನು ನನ್ನ ಕಸಿನ್ ಕಂಪ್ಯೂಟರಿಗೆ ಹಾಕಿ, ರಾಗ, ತಾನ, ಪಲ್ಲವಿ, ಆಮೇಲೆ ಮೃದಂಗದವರು ನುಡಿಸುವ ತನಿ ಅಂತ ನಾಲ್ಕು ಟ್ರ್ಯಾಕ್ ಮಾಡಿ ಕಳಿಸಿದ್ದ. ಅದನ್ನೇ ಫೋನಿನಿಂದ ಸ್ಪೀಕರಿಗೆ ಕನೆಕ್ಟ್ ಮಾಡಿ ಹಾಕಿದೆ. ಆದಿತಾಳ, ಒಂದು ಸುತ್ತಿಗೆ ಎಂಟು ಅಕ್ಷರ. ಅಕ್ಷರಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡು, ಅಂದರೆ ಒಂದು ಆವರ್ತನಕ್ಕೆ ಎಂಟು ಸೆಕೆಂಡು. ಚಿಕ್ಕಮ್ಮ ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದರು.

ಪಲ್ಲವಿಯ ಕೊನೆಯ ಆವರ್ತನ ಬಂತು. ಅವರ ಕೈ ಘಾತ ಹೊಡೆಯಿತು, ಕಿರುಬೆರಳು ಎಣಿಸಿತು, ಉಂಗುರಬೆರಳು ಎಣಿಸಿತು, ನಡುಬೆರಳಿಗೆ ಬಂತು. ಅಷ್ಟರಲ್ಲಿ ಮೃದಂಗ ತನಿ ಶುರುಮಾಡಿ ಸಮ, ಅಂದರೆ ಮುಂದಿನ ಸುತ್ತಿನ ಮೊದಲ ಅಕ್ಷರ, ಹೊಡೆದುಬಿಟ್ಟಿತು. ಕೆಳಗಡೆ ಗಾಯಕರ ದನಿ ಇನ್ನೂ ನಡೆಯುತ್ತಾ, ನಿಧಾನಕ್ಕೆ ಸಣ್ಣದಾಗುತ್ತಾ ಇತ್ತು. ಚಿಕ್ಕಮ್ಮನ ಕೈ ಹಾಗೇ ನಿಂತಿತು.

"ಏನೋ ಇದು, ತಾಳ ತಪ್ಪಿತಲ್ಲ?" ಅಂದರು.

ತಾಳ ತಪ್ಪಿದ್ದು ಕಛೇರಿಯಲ್ಲಿ ಅಲ್ಲ, ನನ್ನ ಫೋನಿನಲ್ಲಿ. ಮಗ ಸಿನಿಮಾ ಹಾಡು ಕೇಳುವಾಗ ಕ್ರಾಸ್‌ಫೇಡನ್ನು 5 ಸೆಕೆಂಡಿಗೆ ಇಟ್ಟಿದ್ದ. ಹೀಗಿಟ್ಟರೆ ಒಂದು ಟ್ರ್ಯಾಕ್ ಮುಗಿಯೋಕೆ 5 ಸೆಕೆಂಡು ಇರುವಾಗಲೇ ಮುಂದಿನದು ಶುರುವಾಗುತ್ತದೆ. ಹಳೆಯದರ ದನಿ ಇಳಿಯುತ್ತದೆ, ಹೊಸದರ ದನಿ ಏರುತ್ತದೆ. ಎಂಟರಲ್ಲಿ ಐದು ಕಳೆದರೆ ಮೂರು, ಅಲ್ವಾ? ಘಾತ ಬಿದ್ದು ಮೂರು ಸೆಕೆಂಡು ಆದಮೇಲೆ, ಅಂದರೆ ಸರಿಯಾಗಿ ನಾಲ್ಕನೇ ಅಕ್ಷರದಲ್ಲಿ, ಕೈ ನಡುಬೆರಳಿನಲ್ಲಿರುವಾಗ ಮುಂದಿನ ಟ್ರ್ಯಾಕಿನ ಸಮ ಕೇಳಿಸಿತು. ಐದು ಅಕ್ಷರ ಕಾಣೆಯಾದವು.

ಕ್ರಾಸ್‌ಫೇಡ್ ಅಂದರೆ ಹಾಡುಗಳ ಮಧ್ಯೆ ದನಿಯನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ ಅಷ್ಟೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ಕಾಲವನ್ನೇ ಕತ್ತರಿಸುತ್ತದೆ. ಎರಡು ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಇಟ್ಟಾಗ ಅಷ್ಟು ಸೆಕೆಂಡು ಒಟ್ಟು ಅವಧಿಯಿಂದಲೇ ಹೋಗುತ್ತದೆ. ಬಿಡಿ ಹಾಡುಗಳಿಗೆ ಇದರಿಂದ ನಷ್ಟ ಇಲ್ಲ, ಒಂದು ಹಾಡಿನ ಬಾಲಕ್ಕೂ ಮುಂದಿನ ಹಾಡಿನ ತಲೆಗೂ ಸಂಬಂಧ ಇರುವುದಿಲ್ಲವಲ್ಲ. ಆದರೆ ಎರಡು ಟ್ರ್ಯಾಕ್ ಒಂದೇ ಸಂಗೀತದ ಎರಡು ತುಂಡಾಗಿದ್ದರೆ, ಆ ಜಾಗದಲ್ಲಿ ಸಂಗೀತ ತನ್ನ ಮೇಲೆ ತಾನೇ ಬೀಳುತ್ತದೆ.

ಗ್ಯಾಪ್‌ಲೆಸ್ ಇದಕ್ಕೆ ಪೂರ್ತಿ ಉಲ್ಟಾ. ಅದು ಏನನ್ನೂ ಸೇರಿಸುವುದಿಲ್ಲ, ಏನನ್ನೂ ತೆಗೆಯುವುದೂ ಇಲ್ಲ. ಡಿಜಿಟಲ್ ದನಿ ಅಂದರೆ ಸೆಕೆಂಡಿಗೆ ಸಾವಿರಾರು ಸಲ ಅಳೆದಿಟ್ಟ ಅಂಕಿಗಳು, ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಮೊದಲ ಟ್ರ್ಯಾಕಿನ ಕೊನೆಯ ಸ್ಯಾಂಪಲ್ ಆದ ಕೂಡಲೇ ಎರಡನೆಯದರ ಮೊದಲ ಸ್ಯಾಂಪಲ್. ರೆಕಾರ್ಡಿಂಗಿನಲ್ಲೇ ಎರಡು ಸೆಕೆಂಡು ಮೌನ ಇದ್ದರೆ ಆ ಎರಡು ಸೆಕೆಂಡೂ ಹಾಗೇ ಬರುತ್ತದೆ. ಇಲ್ಲದಿದ್ದರೆ ಇಲ್ಲ. ಇವೆರಡನ್ನೂ ಬಹಳ ಆ್ಯಪ್‌ಗಳು ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಡುತ್ತವೆ, ಅದಕ್ಕೇ ಎರಡೂ ಒಂದೇ ಕೆಲಸ ಮಾಡುತ್ತವೆ ಅನ್ನಿಸುವುದು. ಗ್ಯಾಪ್ ಬೇಡ ಅಂತ ಹೇಳಿ ಕ್ರಾಸ್‌ಫೇಡ್ ಹಾಕಿಕೊಳ್ಳುವವರನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ತೂತು ಮುಚ್ಚೋಕೆ ಬಟ್ಟೆಯನ್ನೇ ಮಡಚಿ ಹೊಲಿದ ಹಾಗೆ ಅದು. ತೂತು ಕಾಣುವುದಿಲ್ಲ ನಿಜ, ಆದರೆ ಬಟ್ಟೆ ಗಿಡ್ಡವಾಗುತ್ತದೆ.

ಸರಿ, ಕ್ರಾಸ್‌ಫೇಡನ್ನು ಸೊನ್ನೆಗೆ ಇಳಿಸಿದೆ. ಗ್ಯಾಪ್‌ಲೆಸ್ ಆನ್ ಮಾಡಿದೆ. ಪಲ್ಲವಿಯ ಕೊನೆಯಿಂದ ಮತ್ತೆ ಹಾಕಿದೆ. ಈ ಸಲ ತಾಳ ಸರಿಯಾಗಿ ಬಂತು, ಚಿಕ್ಕಮ್ಮನ ಕೈ ಎಂಟೂ ಎಣಿಸಿ ಸಮಕ್ಕೆ ಬಂತು. ಆದರೆ ಸೇರುವ ಜಾಗದಲ್ಲಿ ತಂಬೂರಿ ಒಂದು ಕ್ಷಣ ಬಿಕ್ಕಳಿಸಿತು. ದನಿ ನಿಂತು ಬಂತು ಅನ್ನುವಷ್ಟು ದೊಡ್ಡದಲ್ಲ, ಕಣ್ಣು ಮಿಟುಕಿಸಿದಷ್ಟು. ಆದರೂ ಕೇಳಿಸುತ್ತದೆ. ತಂಬೂರಿಯ ಶ್ರುತಿ ಒಂದೇ ಸಮ ಹರಿಯುತ್ತಾ ಇರುವುದರಿಂದ ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಕಿವಿ ಹಿಡಿದುಬಿಡುತ್ತದೆ.

ಸೆಟ್ಟಿಂಗ್ ಆನ್ ಇದೆ, ಆದರೂ ಗ್ಯಾಪ್ ಇದೆ. ಇದು ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಎಂಪಿ3 ಫೈಲು ಹೇಗೆ ತುಂಬುತ್ತದೆ ಅಂತ ನೋಡಬೇಕು.

ಸಿಡಿಯಲ್ಲಿ ಈ ತೊಂದರೆ ಇರಲಿಲ್ಲ. ಸಿಡಿಯಲ್ಲಿ ಫೈಲುಗಳೇ ಇಲ್ಲ. ಒಳಗಿನಿಂದ ಹೊರಗೆ ಸುತ್ತುವ ಒಂದೇ ಉದ್ದದ ದಾರಿ, ಟ್ರ್ಯಾಕ್ ನಂಬರು ಅಂದರೆ ಆ ದಾರಿಯ ಮೇಲಿನ ಮೈಲಿಗಲ್ಲು ಅಷ್ಟೇ. ಮೈಲಿಗಲ್ಲು ದಾಟುವಾಗ ಬಸ್ಸು ನಿಲ್ಲಬೇಕಾಗಿಲ್ಲ. ಹಾಡಿಗೊಂದು ಫೈಲು ಅಂತ ಶುರುವಾದ ಮೇಲೆ ಈ ಗ್ಯಾಪ್ ಹುಟ್ಟಿದ್ದು. ಐಟ್ಯೂನ್ಸ್‌ನಂಥ ಪ್ಲೇಯರಿಗೇ ಗ್ಯಾಪ್‌ಲೆಸ್ ಬಂದಿದ್ದು 2006ರಲ್ಲಿ, 7ನೇ ಆವೃತ್ತಿಯಲ್ಲಿ.

ಎನ್‌ಕೋಡರ್, ಅಂದರೆ ಎಂಪಿ3 ಫೈಲು ಮಾಡುವ ಸಾಫ್ಟ್‌ವೇರ್, ದನಿಯನ್ನು ಡಬ್ಬಿ ಡಬ್ಬಿಯಾಗಿ ತುಂಬುತ್ತದೆ. ಒಂದು ಡಬ್ಬಿಗೆ, ಅಂದರೆ ಒಂದು ಫ್ರೇಮಿಗೆ, 1152 ಸ್ಯಾಂಪಲ್. ಅರ್ಧ ತುಂಬಿದ ಡಬ್ಬಿ ಅನ್ನುವುದು ಇಲ್ಲವೇ ಇಲ್ಲ. ಜಾಗ ಉಳಿದರೆ ಮೌನ ತುಂಬಬೇಕು. ನಮ್ಮ ಪಲ್ಲವಿ ಟ್ರ್ಯಾಕಿನ ಉದ್ದ 14 ನಿಮಿಷ 10 ಸೆಕೆಂಡು, ಅಂದರೆ 850 ಸೆಕೆಂಡು. ಸೆಕೆಂಡಿಗೆ 44,100ರಂತೆ ಒಟ್ಟು 3,74,85,000 ಸ್ಯಾಂಪಲ್. ಇದರಿಂದ 32,539 ಡಬ್ಬಿ ಪೂರ್ತಿ ತುಂಬಿ, ಕೊನೆಗೆ 72 ಸ್ಯಾಂಪಲ್ ಮಾತ್ರ ಉಳಿಯುತ್ತವೆ. ಆ 72ಕ್ಕೋಸ್ಕರ ಇನ್ನೊಂದು ಡಬ್ಬಿ ಬೇಕು. ಇದರ ಜೊತೆಗೆ ಎನ್‌ಕೋಡರಿಗೆ ಕೆಲಸ ಶುರುಮಾಡೋಕೆ ಮುಂಚೆ ಸ್ವಲ್ಪ ಓಟ ಬೇಕಾಗುತ್ತದೆ. ಲೇಮ್ ಎನ್‌ಕೋಡರ್ ತಲೆಯಲ್ಲಿ 576 ಸ್ಯಾಂಪಲ್ ಮೌನ ಹಾಕಿ ಶುರುಮಾಡುತ್ತದೆ. ಕೊನೆಯಲ್ಲೂ ಕೆಲಸ ಸರಿಯಾಗಿ ಮುಗಿಯೋಕೆ ಕನಿಷ್ಠ 576ರಷ್ಟು ಜಾಗ ಇಟ್ಟುಕೊಳ್ಳುತ್ತದೆ. ನಮ್ಮ ಫೈಲಿಗೆ ಲೆಕ್ಕ ಹಾಕಿದರೆ ಬಾಲದಲ್ಲಿ 1656 ಸ್ಯಾಂಪಲ್ ಬರುತ್ತದೆ. ತಲೆಯದೂ ಬಾಲದ್ದೂ ಸೇರಿ 2232 ಸ್ಯಾಂಪಲ್, ಸುಮಾರು 50 ಮಿಲಿಸೆಕೆಂಡು.

ಪಲ್ಲವಿಯ ಬಾಲದ ಮೌನಕ್ಕೆ ತನಿಯ ತಲೆಯ ಮೌನ ಸೇರಿ ಆ ಬಿಕ್ಕಳಿಕೆ ಹುಟ್ಟುತ್ತದೆ. 50 ಮಿಲಿಸೆಕೆಂಡು ಏನು ಮಹಾ ಅನ್ನಿಸಬಹುದು. ತನಿಯಲ್ಲಿ ಮೃದಂಗದವರು ಅಕ್ಷರಕ್ಕೆ ಎಂಟು ಹೊಡೆತ ಹೊಡೆಯುತ್ತಿದ್ದರೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ 125 ಮಿಲಿಸೆಕೆಂಡು. ಅದರಲ್ಲಿ 50 ಅಂದರೆ ಹತ್ತಿರಹತ್ತಿರ ಅರ್ಧ ಹೊಡೆತ. ಕಿವಿ ಪಳಗಿದವರಿಗೆ ಎಡವಿದ ಹಾಗೆ ಕೇಳಿಸುತ್ತದೆ.

ಇದಕ್ಕೆ ಪರಿಹಾರ ಫೈಲಿನ ಒಳಗೇ ಇದೆ. ತಲೆಯಲ್ಲಿ ಎಷ್ಟು ಸುಮ್ನೆ ಸೇರಿಸಿದೆ, ಬಾಲದಲ್ಲಿ ಎಷ್ಟು ಸೇರಿಸಿದೆ ಅನ್ನುವ ಎರಡು ಅಂಕಿಗಳನ್ನು ಲೇಮ್ ಫೈಲಿನ ಶುರುವಿನಲ್ಲೇ ಒಂದು ಚೀಟಿಯ ಹಾಗೆ ಬರೆದಿಡುತ್ತದೆ. ಗ್ಯಾಪ್‌ಲೆಸ್ ಗೊತ್ತಿರುವ ಪ್ಲೇಯರ್ ಆ ಚೀಟಿ ಓದಿ, ಅಷ್ಟನ್ನು ಕತ್ತರಿಸಿ, ಉಳಿದಿದ್ದನ್ನು ಜೋಡಿಸುತ್ತದೆ. ಐಟ್ಯೂನ್ಸ್ ಮಾಡುವ ಎಎಸಿ ಫೈಲಿನಲ್ಲಿ ಇದೇ ಕೆಲಸಕ್ಕೆ `iTunSMPB` ಅನ್ನುವ ಟ್ಯಾಗ್ ಇದೆ. ಅಲ್ಲಿ ತಲೆಯ ಮೌನ ಸಾಮಾನ್ಯವಾಗಿ 2112 ಸ್ಯಾಂಪಲ್. ಫ್ಲಾಕ್ ಫೈಲಿಗೆ ಈ ರಗಳೆ ಇಲ್ಲ, ಅದರಲ್ಲಿ ಇದ್ದಷ್ಟೇ ಸ್ಯಾಂಪಲ್, ಒಂದೂ ಜಾಸ್ತಿ ಇಲ್ಲ. ಓಪಸ್ ಮತ್ತು ವೋರ್ಬಿಸ್ ಫಾರ್ಮ್ಯಾಟ್ ಮಾಡಿದವರು ನಿಜವಾದ ಉದ್ದ ಎಷ್ಟು ಅನ್ನುವುದನ್ನು ಮೊದಲಿಂದಲೇ ಒಳಗೆ ಸೇರಿಸಿಟ್ಟಿದ್ದಾರೆ.

ಅಂದರೆ ಗ್ಯಾಪ್‌ಲೆಸ್ ಬಟನ್ ಒತ್ತಿದರೆ ಸಾಲದು. ಫೈಲಿನಲ್ಲಿ ಚೀಟಿ ಇರಬೇಕು, ಪ್ಲೇಯರ್ ಅದನ್ನು ಓದಬೇಕು. ಒಂದು ತಪ್ಪಿದರೂ ಬಿಕ್ಕಳಿಕೆ.

ನನ್ನ ಫೈಲಿನಲ್ಲಿ ಚೀಟಿ ಇದೆಯಾ ಅಂತ ಲ್ಯಾಪ್‌ಟಾಪಿನಲ್ಲಿ `ffprobe` ಅನ್ನುವ ಕಮಾಂಡಿನಿಂದ ಹೀಗೆ ನೋಡಿದೆ:

```
ffprobe pallavi.mp3
```

ಬರುವ ಸಾಲುಗಳಲ್ಲಿ `Duration` ಪಕ್ಕದಲ್ಲಿ `start` ಅಂತ ಇರುತ್ತದೆ. ಚೀಟಿ ಇರುವ 44,100 ಹರ್ಟ್ಸ್ ಲೇಮ್ ಫೈಲಿನಲ್ಲಿ ಅದು `start: 0.025057` ಅಂತ ತೋರಿಸುತ್ತದೆ. ಎನ್‌ಕೋಡರ್ ಹಾಕಿದ 576, ಡಿಕೋಡರ್ ಕಡೆಯಿಂದ ಆಗುವ ತಡ 529, ಒಟ್ಟು 1105 ಸ್ಯಾಂಪಲ್. ಅದನ್ನು 44,100ರಿಂದ ಭಾಗಿಸಿದರೆ ಸರಿಯಾಗಿ ಈ ಅಂಕಿ. ಇಲ್ಲಿಂದ ಸಂಗೀತ ಶುರು, ಇದಕ್ಕೆ ಮುಂಚಿನದನ್ನು ಬಿಡು ಅಂತ ಅರ್ಥ. ನನ್ನ ಪಲ್ಲವಿ ಫೈಲಿನಲ್ಲಿ ಇದ್ದದ್ದು `start: 0.000000`. ಚೀಟಿ ಇಲ್ಲ.

ಕಸಿನ್‌ಗೆ ಫೋನ್ ಮಾಡಿದೆ. ಅವನು ಕಳಿಸಿದ ಫೈಲಿನಲ್ಲಿ ಚೀಟಿ ಇತ್ತು. ಅದನ್ನು ಕಳೆದದ್ದು ನಾನೇ. ಕ್ಯಾಸೆಟ್ಟಿನ ದನಿ ಸ್ವಲ್ಪ ಕಮ್ಮಿ ಅನ್ನಿಸಿ, ಆನ್‌ಲೈನಿನಲ್ಲಿ ಸಿಕ್ಕ ಒಂದು ಟೂಲಿಗೆ ನಾಲ್ಕೂ ಫೈಲು ಹಾಕಿ ವಾಲ್ಯೂಮ್ ಏರಿಸಿಕೊಂಡಿದ್ದೆ. ಅದು ಫೈಲನ್ನು ಬಿಚ್ಚಿ ಮತ್ತೆ ಎಂಪಿ3 ಮಾಡುವಾಗ ಹಳೆಯ ಚೀಟಿ ಎಸೆದು, ಹೊಸದನ್ನು ಬರೆಯಲೇ ಇಲ್ಲ. ಬಿಚ್ಚುವಾಗ ಹಳೆಯ ಮೌನವನ್ನು ಕತ್ತರಿಸದಿದ್ದರೆ ಇನ್ನೂ ಕೆಟ್ಟದು. ಆ ಮೌನ ಸಂಗೀತದ ಭಾಗವೇ ಆಗಿಬಿಡುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ಪ್ಲೇಯರ್ ಇದ್ದರೂ ಅದಕ್ಕೆ ಇದು ಹೊರಗಿನಿಂದ ಬಂದ ಮೌನ ಅಂತ ಗೊತ್ತಾಗುವುದಿಲ್ಲ. ಎಂಪಿ3ಯಿಂದ ಎಂಪಿ3ಗೆ, ಎಂಪಿ3ಯಿಂದ ಎಎಸಿಗೆ ಮಾಡಿದ ಫೈಲುಗಳಲ್ಲಿ ಗ್ಯಾಪ್ ಹೋಗದೇ ಇರುವುದಕ್ಕೆ ಬಹಳ ಸಲ ಇದೇ ಕಾರಣ.

ಇಲ್ಲಿ ಒಂದು ಮಾತು. ಫೈಲು ಸರಿ ಇದೆಯಾ, ಪ್ಲೇಯರ್ ಸರಿ ಇದೆಯಾ ಅಂತ ಸಂಗೀತ ಕೇಳಿ ಪತ್ತೆ ಮಾಡುವುದು ಕಷ್ಟ. ಅದರಲ್ಲೂ ಲೈವ್ ಆಲ್ಬಮ್ಮಿನಲ್ಲಿ ಟ್ರ್ಯಾಕ್ ಒಡೆಯುವುದು ಸಾಮಾನ್ಯವಾಗಿ ಚಪ್ಪಾಳೆಯ ಮಧ್ಯದಲ್ಲಿ. ಚಪ್ಪಾಳೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಚಪ್ಪಾಳೆಯ ಮೇಲೆ ಚಪ್ಪಾಳೆ ಬಿದ್ದರೆ ಕ್ರಾಸ್‌ಫೇಡ್ ಇದೆ ಅಂತಲೇ ಗೊತ್ತಾಗದು. ಹಾಗಾಗಿ ಲೈವ್ ಆಲ್ಬಮ್ ಚೆನ್ನಾಗೇ ಬರ್ತಿದೆಯಲ್ಲ ಅಂತ ಸೆಟ್ಟಿಂಗ್ ಹಾಗೇ ಬಿಟ್ಟವರು ಆಮೇಲೆ ಕಛೇರಿಯಲ್ಲೋ ಸಿಂಫನಿಯಲ್ಲೋ ಸಿಕ್ಕಿಹಾಕಿಕೊಳ್ಳುತ್ತಾರೆ. ಪರೀಕ್ಷೆಗೆ ಒಂದೇ ಸಮ ಇರುವ ಒಂದು ಸ್ವರ ಬೇಕು. ಸಾಕ್ಸ್, ಲೇಮ್ ಮತ್ತು ಫ್ಲಾಕ್ ಟೂಲುಗಳು ಕಂಪ್ಯೂಟರಿನಲ್ಲಿ ಇದ್ದರೆ ಒಂದು ನಿಮಿಷದ ಕೆಲಸ:

```
sox -n -r 44100 -b 16 tone.wav synth 20 sine 220 vol 0.5
sox tone.wav a.wav trim 0 10.003
sox tone.wav b.wav trim 10.003
lame -V2 a.wav a.mp3
lame -V2 b.wav b.mp3
flac a.wav b.wav
```

20 ಸೆಕೆಂಡಿನ ಒಂದು ಸ್ವರ ಮಾಡಿ, ನಡುವೆ ಅಲೆ ಇನ್ನೂ ಕೆಳಗಿರುವಾಗಲೇ ಎರಡು ತುಂಡು ಮಾಡಿದ್ದೇವೆ. 10.003 ಅಂತ ಹಾಕಿದ್ದು ಬೇಕೆಂದೇ. ಸರಿಯಾಗಿ 10 ಸೆಕೆಂಡಿಗೆ ಕತ್ತರಿಸಿದರೆ ಈ ಸ್ವರದ ಅಲೆ ಸೊನ್ನೆಗೆ ಬಂದಿರುತ್ತದೆ, ಅಲ್ಲಿ ತಪ್ಪು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ.

ಎರಡು ಫ್ಲಾಕ್ ಫೈಲುಗಳನ್ನು ಸಾಲಾಗಿ ಹಾಕಿ ಹೆಡ್‌ಫೋನಿನಲ್ಲಿ ಕೇಳಿ. ಸ್ವರ ಒಂದೇ ಸಮ ಹೋದರೆ ಪ್ಲೇಯರ್ ಸರಿ ಇದೆ. ಫ್ಲಾಕಿನಲ್ಲೇ ಟಪ್ ಅಂತ ಬಂದರೆ ಫೈಲಿನ ತಪ್ಪಲ್ಲ, ಪ್ಲೇಯರಿನದು. ಮುಂದಿನ ಫೈಲನ್ನು ಮೊದಲೇ ತೆರೆದು ಇಟ್ಟುಕೊಳ್ಳದೆ, ಹಳೆಯದು ಮುಗಿದಮೇಲೆ ಹುಡುಕೋಕೆ ಹೋಗುತ್ತಿದೆ ಅಂತ. ಫ್ಲಾಕ್ ಚೆನ್ನಾಗಿದ್ದು ಎಂಪಿ3ಯಲ್ಲಿ ಮಾತ್ರ ದನಿ ಕಡಿದು ಬಂದರೆ ಪ್ಲೇಯರ್ ಆ ಚೀಟಿ ಓದುತ್ತಿಲ್ಲ. ಎಂಪಿ3ಯಲ್ಲಿ ದನಿ ಕಡಿಯದೆ ಬರೀ ತೆಳುವಾದ ಒಂದು ಟಿಕ್ ಕೇಳಿಸಿದರೆ ಚಿಂತೆ ಬೇಡ. ಎರಡು ತುಂಡನ್ನೂ ಬೇರೆ ಬೇರೆ ಎನ್‌ಕೋಡ್ ಮಾಡಿದಾಗ ಅಂಚಿನಲ್ಲಿ ಅಲೆ ಚೂರು ಬದಲಾಗಿರುತ್ತದೆ, ಶುದ್ಧ ಸ್ವರದಲ್ಲಿ ಅದು ಎದ್ದು ಕಾಣುತ್ತದೆ, ಸಂಗೀತದಲ್ಲಿ ಕಾಣುವುದಿಲ್ಲ. ಸ್ವರ ನಡುವೆ ಉಬ್ಬಿಯೋ ಇಳಿದೋ ಹೋಗಿ, ಒಟ್ಟು 20 ಸೆಕೆಂಡು ಆಗುವ ಮೊದಲೇ ಮುಗಿದರೆ ಎಲ್ಲೋ ಕ್ರಾಸ್‌ಫೇಡ್ ಇನ್ನೂ ಆನ್ ಇದೆ. ವಾಚ್ ಹಿಡಿದು ನೋಡಿದರೂ ಗೊತ್ತಾಗುತ್ತದೆ.

ಇದೇ ಎರಡು ಫೈಲುಗಳನ್ನು ಬೇರೆ ಬೇರೆ ದಾರಿಯಲ್ಲಿ ಕೇಳಿ ನೋಡಿ. ಫೋನಿಗೆ ನೇರ ಸಿಕ್ಕಿಸಿದ ಹೆಡ್‌ಫೋನಿನಲ್ಲಿ ಸರಿ ಇದ್ದು, ವೈಫೈ ಸ್ಪೀಕರಿಗೆ ಕಾಸ್ಟ್ ಮಾಡಿದಾಗ ಗ್ಯಾಪ್ ಬರಬಹುದು. ಕಾಸ್ಟ್ ಮಾಡಿದಾಗ ಫೈಲು ಆಡಿಸುವುದು ಫೋನ್ ಅಲ್ಲ, ಸ್ಪೀಕರ್. ಫೋನಿನ ಸೆಟ್ಟಿಂಗಿಗೆ ಅಲ್ಲಿ ಬೆಲೆ ಇಲ್ಲ. ಬ್ಲೂಟೂತ್‌ನಲ್ಲಿ ಹಾಗಲ್ಲ, ಅಲ್ಲಿ ಫೋನೇ ಎಲ್ಲ ಜೋಡಿಸಿ ದನಿಯನ್ನು ಒಂದೇ ಹರಿವಾಗಿ ಕಳಿಸುತ್ತದೆ. ಹಾಗಾಗಿ ಟ್ರ್ಯಾಕ್ ಸೇರುವ ಜಾಗದಲ್ಲೇ ಪ್ರತಿ ಸಲ ಗ್ಯಾಪ್ ಬಂದರೆ ಬ್ಲೂಟೂತನ್ನು ಬೈದು ಪ್ರಯೋಜನ ಇಲ್ಲ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರಿಗೆ ಇದು ಇನ್ನೂ ನಾಜೂಕಾದ ವಿಷಯ, ಯಾಕಂದರೆ ಅಲ್ಲಿ ಒಂದೇ ಕೃತಿಯ ಒಳಗೆ ಎರಡು ಥರದ ಸಂದು ಇರುತ್ತವೆ. ಮೆಂಡೆಲ್ಸನ್ ಇ ಮೈನರ್ ವಯಲಿನ್ ಕಾನ್ಸರ್ಟೊ ತೆಗೆದುಕೊಳ್ಳಿ, 1845ರಲ್ಲಿ ಲೈಪ್‌ಜಿಗ್‌ನಲ್ಲಿ ಮೊದಲು ನುಡಿಸಿದ್ದು. ಮೊದಲ ಭಾಗ ಜೋರಾಗಿ ಓಡಿ ಬಂದು ನಿಲ್ಲುತ್ತದೆ. ಇಡೀ ಆರ್ಕೆಸ್ಟ್ರಾ ಸುಮ್ಮನಾದರೂ ಒಂದೇ ಒಂದು ಬಸೂನ್ ಆ ಕೊನೆಯ ಮೇಳದಿಂದ ಬಿ ಸ್ವರವನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಆಮೇಲೆ ಅದು ಅರ್ಧ ಸ್ವರ ಮೇಲೇರಿ ಸಿ ಮುಟ್ಟುತ್ತದೆ, ಅಲ್ಲಿಂದ ನಿಧಾನಗತಿಯ ಎರಡನೇ ಭಾಗ ಅರಳುತ್ತದೆ. ಎರಡು ಭಾಗಗಳ ಮಧ್ಯೆ ಇರುವುದು ಆ ಒಂದು ಉಸಿರಿನ ಸೇತುವೆ ಮಾತ್ರ. ಟ್ರ್ಯಾಕ್ ಒಡೆಯುವುದೂ ಅದರ ಆಸುಪಾಸಿನಲ್ಲೇ. 50 ಮಿಲಿಸೆಕೆಂಡು ಮೌನ ಬಂದರೆ ಹಿಡಿದ ಸ್ವರ ತುಂಡಾಗುತ್ತದೆ. 5 ಸೆಕೆಂಡು ಕ್ರಾಸ್‌ಫೇಡ್ ಇದ್ದರೆ ಇನ್ನೂ ಓಡುತ್ತಿರುವ ಆರ್ಕೆಸ್ಟ್ರಾದ ಅಡಿಯಲ್ಲೇ ಎರಡನೇ ಭಾಗ ಶುರುವಾಗಿ, ಬಸೂನ್ ಯಾಕೆ ಇತ್ತು ಅನ್ನುವುದೇ ಗೊತ್ತಾಗದೆ ಹೋಗುತ್ತದೆ. ನನಗೆ ಇದು ನಿಜಕ್ಕೂ ನೋವಾಗುವ ವಿಷಯ. ಮೊದಲ ಸಲ ಕೇಳುವ ಒಬ್ಬರಿಗೆ ಆ ಕ್ಷಣ ಇದೆ ಅಂತಲೇ ತಿಳಿಯುವುದಿಲ್ಲ.

ಬೀಥೋವನ್ ಐದನೇ ಸಿಂಫನಿಯಲ್ಲಿ ಎರಡೂ ಥರದ ಸಂದು ಸಿಗುತ್ತವೆ. ಮೊದಲ ಭಾಗಕ್ಕೂ ಎರಡನೆಯದಕ್ಕೂ ಮಧ್ಯೆ ಮೌನ ಇದೆ, ಸಿಡಿ ಮಾಡಿದವರು ಅಳೆದು ಇಟ್ಟ ಕೆಲವು ಸೆಕೆಂಡು. ಆದರೆ ಮೂರರಿಂದ ನಾಲ್ಕಕ್ಕೆ ನಿಲ್ಲದೆ ಹೋಗಬೇಕು. ತಿಂಪನಿ ಪಿಸುಗುಟ್ಟಿದ ಹಾಗೆ ತಟ್ಟುತ್ತಾ ಇರುತ್ತದೆ, ಮೇಲೆ ವಯಲಿನ್‌ಗಳು ಒಂದೊಂದೇ ಮೆಟ್ಟಿಲು ಹತ್ತುತ್ತವೆ, ಕೊನೆಯ ಕೆಲವು ಸೆಕೆಂಡಿನಲ್ಲಿ ದನಿ ಒಮ್ಮೆಲೇ ಉಕ್ಕಿ ಸಿ ಮೇಜರಿಗೆ ಒಡೆಯುತ್ತದೆ. ಕ್ರಾಸ್‌ಫೇಡ್ ಕೈ ಹಾಕುವುದು ಸರಿಯಾಗಿ ಆ ಕೊನೆಯ ಸೆಕೆಂಡುಗಳಿಗೇ. ಬೀಥೋವನ್ ಏರಿಸಿದ ದನಿಯನ್ನು ಅದು ಇಳಿಸುತ್ತದೆ. ಗ್ಯಾಪ್‌ಲೆಸ್ ಇಟ್ಟರೆ ಮೌನ ಇರುವ ಕಡೆ ಮೌನ, ಇಲ್ಲದ ಕಡೆ ಇಲ್ಲ. ಕೇಳುವವರು ಏನೂ ಆರಿಸಬೇಕಾಗಿಲ್ಲ. ಮೌನ ಬಂದ ಕಡೆ ಹಾರಿಸುವ ಸೆಟ್ಟಿಂಗ್ ಕೆಲವು ಪ್ಲೇಯರುಗಳಲ್ಲಿ ಇರುತ್ತದೆ, ಅದನ್ನೂ ಆಫ್ ಮಾಡಿ. ತಿಂಪನಿಯ ಆ ಪಿಸುಮಾತನ್ನು ಅದು ಮೌನ ಅಂತ ತಿಳಿದು ನುಂಗಬಹುದು.

ಡಿಜೆ ಮಿಕ್ಸ್ ಆಲ್ಬಮ್‌ಗಳ ಕಥೆ ಲೆಕ್ಕದಲ್ಲಿ ಬೇಗ ಹೇಳಿ ಮುಗಿಸಬಹುದು. ಅಲ್ಲಿ ಕ್ರಾಸ್‌ಫೇಡನ್ನು ಡಿಜೆ ಈಗಾಗಲೇ ಕೈಯಾರೆ ಮಾಡಿಟ್ಟಿದ್ದಾರೆ. ನಿಮಿಷಕ್ಕೆ 125 ಬೀಟ್ ಇದ್ದರೆ ಬೀಟಿಗೆ 480 ಮಿಲಿಸೆಕೆಂಡು. ನಾವು ಅದರ ಮೇಲೆ 6 ಸೆಕೆಂಡು ಕ್ರಾಸ್‌ಫೇಡ್ ಹಾಕಿದರೆ ಅದು ಹನ್ನೆರಡೂವರೆ ಬೀಟ್. ಆ ಅರ್ಧ ಬೀಟೇ ತೊಂದರೆ ಕೊಡುವುದು, ಒಂದು ಟ್ರ್ಯಾಕಿನ ಡ್ರಮ್ ಬೀಳುವ ಜಾಗದ ಸರಿಯಾಗಿ ಮಧ್ಯೆ ಇನ್ನೊಂದರ ಡ್ರಮ್ ಬಂದು, 6 ಸೆಕೆಂಡು ಪೂರ್ತಿ ಎರಡು ಕುದುರೆ ಹೆಜ್ಜೆ ತಪ್ಪಿ ಓಡಿದ ಹಾಗೆ ಕೇಳಿಸುತ್ತದೆ. 20 ಟ್ರ್ಯಾಕಿನ ಮಿಕ್ಸಿನಲ್ಲಿ 19 ಸಂದು, ಒಟ್ಟು 114 ಸೆಕೆಂಡು ಕಡಿಮೆ. ಆಲ್ಬಮ್ ಮೇಲೆ ಬರೆದ ಅವಧಿಗಿಂತ ಹತ್ತಿರಹತ್ತಿರ ಎರಡು ನಿಮಿಷ ಮೊದಲೇ ಮುಗಿಯುತ್ತದೆ.

ಈಗ ಇದೆಲ್ಲ ಮತ್ತೆ ಮಾತಾಡುವ ವಿಷಯ ಆಗಿರುವುದಕ್ಕೆ ಕಾರಣ ಇದೆ. ಸ್ಪಾಟಿಫೈನಲ್ಲಿ ಕ್ರಾಸ್‌ಫೇಡ್ 12 ಸೆಕೆಂಡಿನವರೆಗೆ ಇಡಬಹುದು, ಗ್ಯಾಪ್‌ಲೆಸ್ ಮತ್ತು `Automix` ಅದರ ಜೊತೆಗೇ ಪ್ಲೇಬ್ಯಾಕ್ ಸೆಟ್ಟಿಂಗಿನಲ್ಲಿವೆ. ಐಫೋನಿನ ಮ್ಯೂಸಿಕ್ ಆ್ಯಪ್‌ಗೆ ಐಓಎಸ್ 17ರಲ್ಲಿ ಕ್ರಾಸ್‌ಫೇಡ್ ಬಂತು, 2025ರ ಐಓಎಸ್ 26ರಲ್ಲಿ `AutoMix` ಬಂತು. ಇದು ಹಾಡಿನ ಬೀಟ್ ಲೆಕ್ಕ ಹಾಕಿ, ಬೇಕಾದರೆ ವೇಗವನ್ನೂ ಎಳೆದು ಜೋಡಿಸುತ್ತದೆ. ಪಾರ್ಟಿಗೆ ಹಾಡುಗಳನ್ನು ಕಲಸಿ ಹಾಕುವವರಿಗೆ ಇದು ಒಳ್ಳೆಯದೇ, ನಾನೂ ಮನೆಯಲ್ಲಿ ಹುಟ್ಟುಹಬ್ಬಕ್ಕೆ ಹಾಕಿದ್ದೇನೆ. ಆದರೆ ಒಂದು ಸಲ ಆನ್ ಮಾಡಿದ ಸೆಟ್ಟಿಂಗ್ ಆ ಸಂಜೆಗೆ ಮಾತ್ರ ಇರುವುದಿಲ್ಲ, ಮರುದಿನ ಬೆಳಿಗ್ಗೆ ಹಾಕುವ ಕಛೇರಿಗೂ ಅದೇ ಇರುತ್ತದೆ. ಕೆಲವು ಪ್ಲೇಯರುಗಳು ಒಂದೇ ಆಲ್ಬಮ್ಮಿನ ಸಾಲು ಟ್ರ್ಯಾಕ್‌ಗಳಿಗೆ ಕ್ರಾಸ್‌ಫೇಡ್ ಬಿಡುತ್ತವೆ. ನಿಮ್ಮದು ಹಾಗಾ ಅಂತ ಮೇಲಿನ ಸ್ವರದ ಪರೀಕ್ಷೆಯಿಂದ ನೋಡಿಕೊಳ್ಳಿ. ಎರಡು ಫೈಲಿಗೂ ಒಂದೇ ಆಲ್ಬಮ್ ಹೆಸರು, 1 ಮತ್ತು 2 ಅಂತ ಟ್ರ್ಯಾಕ್ ನಂಬರು ಹಾಕಿ ನೋಡಬೇಕು, ಇಲ್ಲದಿದ್ದರೆ ಪ್ಲೇಯರಿಗೆ ಅವು ಒಂದೇ ಆಲ್ಬಮ್ ಅಂತ ತಿಳಿಯುವುದಿಲ್ಲ. ಅದೇ ಆಲ್ಬಮ್ಮನ್ನು ಪ್ಲೇಲಿಸ್ಟಿಗೆ ಹಾಕಿ ಕೇಳಿದಾಗ ಬೇರೆ ಥರ ಬರಬಹುದು, ಅದನ್ನೂ ನೋಡಿ. ಫೋನಿನಲ್ಲಿ ಬದಲಾಯಿಸಿದ್ದು ಲ್ಯಾಪ್‌ಟಾಪಿಗೂ ಬಂದಿದೆ ಅಂತ ನಂಬಿ ಕೂರಬೇಡಿ.

ನಾನು ಮಾಡಿಕೊಂಡಿರುವುದು ಇಷ್ಟು: ಕ್ರಾಸ್‌ಫೇಡ್ ಸೊನ್ನೆ, ಆಟೋಮಿಕ್ಸ್ ಆಫ್, ಗ್ಯಾಪ್‌ಲೆಸ್ ಯಾವಾಗಲೂ ಆನ್. ಗ್ಯಾಪ್‌ಲೆಸ್ ಆನ್ ಇದ್ದರೆ ಸಿನಿಮಾ ಹಾಡಿಗೂ ಏನೂ ತೊಂದರೆ ಇಲ್ಲ. ಮಗನಿಗೆ ಕ್ರಾಸ್‌ಫೇಡ್ ಬೇಕಲ್ಲ, ಅದಕ್ಕೆ ಕಛೇರಿಗೆ ಬೇರೆ ಪ್ಲೇಯರೇ ಇಟ್ಟುಕೊಂಡೆ. ಎರಡು ಆ್ಯಪ್ ಇಟ್ಟುಕೊಳ್ಳುವುದು ದಿನಾ ಸೆಟ್ಟಿಂಗ್ ಬದಲಾಯಿಸುವುದಕ್ಕಿಂತ ಸುಲಭ.

ಸಂದಿನಲ್ಲಿ ದನಿಯ ಮಟ್ಟ ಜಿಗಿಯುವುದನ್ನೂ ಕೆಲವರು ಗ್ಯಾಪ್ ಅಂತಲೇ ಹೇಳುತ್ತಾರೆ, ಅದು ಬೇರೆ. ವಾಲ್ಯೂಮ್ ಸಮ ಮಾಡುವ ಸೆಟ್ಟಿಂಗ್ ಟ್ರ್ಯಾಕ್ ಟ್ರ್ಯಾಕಿಗೆ ಬೇರೆ ಲೆಕ್ಕ ಹಾಕಿದರೆ, ಮೆಲ್ಲಗೆ ಹಾಡಿದ ರಾಗವನ್ನು ಮೇಲೆತ್ತುತ್ತದೆ, ತನಿಯನ್ನು ತಗ್ಗಿಸುತ್ತದೆ. ಸೇರುವ ಜಾಗದಲ್ಲಿ ಯಾರೋ ಗುಂಡಿ ತಿರುಗಿಸಿದ ಹಾಗೆ ಕೇಳಿಸುತ್ತದೆ. ರಿಪ್ಲೇಗೇನ್ ಇರುವ ಪ್ಲೇಯರಿನಲ್ಲಿ ಟ್ರ್ಯಾಕ್ ಬದಲು ಆಲ್ಬಮ್ ಅಂತ ಆರಿಸಿದರೆ ನಾಲ್ಕಕ್ಕೂ ಒಂದೇ ಲೆಕ್ಕ. ನಾನು ಆನ್‌ಲೈನ್ ಟೂಲಿಗೆ ಹೋಗದೆ ಇದನ್ನೇ ಮಾಡಿದ್ದರೆ ಚೀಟಿ ಕಳೆಯುತ್ತಿರಲಿಲ್ಲ.

ಕಸಿನ್ ಹತ್ತಿರ ಮೂಲ ವೇವ್ ಫೈಲು ಇನ್ನೂ ಇತ್ತು, ಒಂದೇ ಉದ್ದದ ಫೈಲು. ಅದನ್ನು ಮತ್ತೆ ಅದೇ ಜಾಗಗಳಲ್ಲಿ ನಾಲ್ಕು ಮಾಡಿ, ಈ ಸಲ ಫ್ಲಾಕ್ ಮಾಡಿ ಕಳಿಸಿದ. ತುಂಡು ಮಾಡುವುದು ಯಾವಾಗಲೂ ವೇವ್‌ನಲ್ಲೇ ಆಗಬೇಕು, ಎಂಪಿ3 ಆದಮೇಲೆ ಕತ್ತರಿಸಬಾರದು. ಎಂಪಿ3ಯೇ ಬೇಕು ಅನ್ನುವವರು ತುಂಡುಗಳನ್ನು ಒಂದೊಂದಾಗಿ ಮಾಡುವ ಬದಲು ಲೇಮ್‌ನಲ್ಲಿ `--nogap` ಹಾಕಿ ಎಲ್ಲವನ್ನೂ ಒಟ್ಟಿಗೆ ಕೊಡಬಹುದು:

```
lame -V2 --nogap raga.wav tana.wav pallavi.wav tani.wav
```

ಹೋದ ಭಾನುವಾರ ಚಿಕ್ಕಮ್ಮನ ಮನೆಯಲ್ಲೇ ಹಾಕಿದೆ. ಪಲ್ಲವಿಯಿಂದ ತನಿಗೆ ದಾಟುವಾಗ ತಂಬೂರಿ ಅಲುಗಲಿಲ್ಲ. ಅವರ ಕೈ ಎಂಟೂ ಎಣಿಸಿ ಸಮಕ್ಕೆ ಬಿತ್ತು, ಮೃದಂಗವೂ ಅಲ್ಲೇ ಬಿತ್ತು. ಟ್ರ್ಯಾಕ್ ಬದಲಾಯಿತು ಅಂತ ಅವರಿಗೆ ಗೊತ್ತೇ ಆಗಲಿಲ್ಲ.

ಒಂದು ಜಾಗ ಮಾತ್ರ ಹಾಗೇ ಉಳಿದಿದೆ. ತಾನದ ನಡುವೆ ಕ್ಯಾಸೆಟ್ ಮುಗಿದು, ಮಾವ ಅದನ್ನು ತೆಗೆದು ತಿರುಗಿಸಿ ಹಾಕುವಷ್ಟರಲ್ಲಿ ಸ್ವಲ್ಪ ಸಂಗೀತ ಹೋಗಿದೆ. ಅದು ಟೇಪಿಗೇ ಬಿದ್ದಿಲ್ಲ. ಅಲ್ಲಿ ಕ್ರಾಸ್‌ಫೇಡ್ ಮಾಡಿ ಮುಚ್ಚಿಬಿಡ್ಲಾ ಅಂತ ಕಸಿನ್ ಕೇಳಿದ. ಬೇಡ ಅಂದೆ. ಬಟನ್ ಒತ್ತಿದ ಖಟ್ ಶಬ್ದದ ಸಮೇತ ಹಾಗೇ ಬಿಟ್ಟಿದ್ದೇವೆ.